ನೀರು ಹಾಕಿದರೆ ಇಳಿಯುವ ಮಟ್ಟ: ಬಾಯ್ಲರ್ ಡ್ರಮ್ಮಿನಲ್ಲಿ ಬಲ ಅರ್ಧತಲದ ಶೂನ್ಯ

(ಹುಬ್ಬಳ್ಳಿಯಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಕೇಳುಗರಲ್ಲಿ ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಜೊತೆಗೆ ಹಾವೇರಿ, ಗದಗ ಕಡೆ ಬಾಯ್ಲರ್ ನಡೆಸುವವರೂ ಇದ್ದರು. ಕೊನೆಯ ಪ್ರಶ್ನೋತ್ತರವನ್ನೂ ಸೇರಿಸಿದ್ದೇವೆ.)

ಒಲೆಯ ಮೇಲಿನ ಹಾಲು ಉಕ್ಕಿ ಬರುವಾಗ ಮನೆಯಲ್ಲಿ ಏನು ಮಾಡುತ್ತಾರೆ? ನಾಲ್ಕು ಹನಿ ತಣ್ಣೀರು ಚಿಮುಕಿಸುತ್ತಾರೆ. ಉಕ್ಕು ಸರ್ರನೆ ಇಳಿಯುತ್ತದೆ. ಪಾತ್ರೆಗೆ ನಾವು ಸೇರಿಸಿದ್ದು ನೀರು, ಆದರೂ ಮಟ್ಟ ಕೆಳಗೆ ಹೋಯಿತು. ಮಟ್ಟವನ್ನು ಎತ್ತಿ ಹಿಡಿದಿದ್ದು ಹಾಲಷ್ಟೇ ಅಲ್ಲ, ಅದರೊಳಗಿನ ಗುಳ್ಳೆ. ತಣ್ಣೀರು ತಾಗಿದ ಕೂಡಲೇ ಗುಳ್ಳೆ ಸತ್ತವು.

ಇವತ್ತಿನ ವಿಷಯದ ಭೌತಶಾಸ್ತ್ರ ಇಷ್ಟೇ. ನೀರು ಮತ್ತು ಉಗಿ ಬೇರ್ಪಡುವ ಬಾಯ್ಲರ್ ಡ್ರಮ್ಮಿನಲ್ಲಿ ಇದೇ ನಡೆಯುತ್ತದೆ, ಆದರೆ ಅಲ್ಲಿ ಪಾತ್ರೆಯ ಮುಂದೆ ಕಣ್ಣಿಟ್ಟು ನಿಂತ ಗೃಹಿಣಿಯ ಬದಲು ಒಂದು ಕಂಟ್ರೋಲರ್ ಇರುತ್ತದೆ. ಅದಕ್ಕೆ ಗುಳ್ಳೆ ಗೊತ್ತಿಲ್ಲ. ಮಟ್ಟ ಇಳಿಯಿತು ಎಂದರೆ ನೀರು ಕಡಿಮೆಯಾಯಿತು ಎಂದೇ ಅದು ತಿಳಿಯುತ್ತದೆ, ವಾಲ್ವ್ ಇನ್ನಷ್ಟು ತೆರೆಯುತ್ತದೆ, ಇನ್ನಷ್ಟು ಗುಳ್ಳೆ ಸಾಯುತ್ತವೆ. ಈ ಮೋಸದಿಂದ ತಪ್ಪಿಸಿಕೊಳ್ಳಲು ಕಂಟ್ರೋಲರ್ ಎಷ್ಟು ನಿಧಾನವಾಗಿರಬೇಕು ಎಂಬುದಕ್ಕೆ ಒಂದು ಗಟ್ಟಿ ಲೆಕ್ಕವಿದೆ. ಅದನ್ನು ಸಂಖ್ಯೆಗಳೊಂದಿಗೇ ಮಾಡಿ ನೋಡೋಣ.

ಒಂದು ಬಾಯ್ಲರ್ ತೆಗೆದುಕೊಳ್ಳೋಣ

ನಮ್ಮ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಾಣಬಹುದಾದಂಥ ಒಂದು ಬಾಯ್ಲರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕಬ್ಬಿನ ಸಿಪ್ಪೆ ಸುಡುತ್ತದೆ, ಗಂಟೆಗೆ 60 ಟನ್ ಉಗಿ ಕೊಡುತ್ತದೆ. ಡ್ರಮ್ಮಿನ ಒತ್ತಡ 45 ಬಾರ್. ಡ್ರಮ್ಮಿನೊಳಗೆ ನೀರಿನ ಮೇಲ್ಮೈ 12 ಚದರ ಮೀಟರ್. ಹೊಗೆಯ ಶಾಖದಿಂದ ನೀರನ್ನು ಮೊದಲೇ ಬಿಸಿ ಮಾಡುವ ಎಕನಾಮೈಸರ್ ದಾಟಿ ಬರುವ ಫೀಡ್‌ವಾಟರ್ 180 ಡಿಗ್ರಿಯಲ್ಲಿದೆ. ಇವು ಯಾವುದೋ ಒಂದು ನಿರ್ದಿಷ್ಟ ಕಾರ್ಖಾನೆಯ ಅಂಕಿಗಳಲ್ಲ. ನಿಮ್ಮ ಬಾಯ್ಲರಿನ ಅಂಕಿ ಹಾಕಿ ಇದೇ ಲೆಕ್ಕ ಮತ್ತೆ ಮಾಡಬಹುದು.

45 ಬಾರ್‌ನಲ್ಲಿ ನೀರು ಕುದಿಯುವುದು 257 ಡಿಗ್ರಿಗೆ. ಆ ಸ್ಥಿತಿಯಲ್ಲಿ ಒಂದು ಘನ ಮೀಟರ್ ನೀರು 788 ಕಿಲೋ ತೂಗುತ್ತದೆ, ಒಂದು ಘನ ಮೀಟರ್ ಉಗಿ ಬರೀ 22.7 ಕಿಲೋ. ಅಂದರೆ ಒಂದು ಕಿಲೋ ಉಗಿ ಹಿಡಿಯುವ ಜಾಗ ಒಂದು ಕಿಲೋ ನೀರಿನ ಸುಮಾರು 35 ಪಟ್ಟು. ಕಥೆಯ ಖಳನಾಯಕ ಈ 35.

ಈಗ ಫೀಡ್‌ವಾಟರ್ ವಾಲ್ವ್ ತೆರೆದು ಹರಿವನ್ನು ಗಂಟೆಗೆ 10 ಟನ್ ಹೆಚ್ಚಿಸೋಣ. ಸೆಕೆಂಡಿಗೆ 2.78 ಕಿಲೋ ಹೆಚ್ಚು ನೀರು ಒಳಗೆ ಬರುತ್ತದೆ. 12 ಚದರ ಮೀಟರ್ ಮೇಲೆ ಹರಡಿದರೆ ಅದು ಮಟ್ಟವನ್ನು ಸೆಕೆಂಡಿಗೆ 0.29 ಮಿ.ಮೀ. ಏರಿಸಬೇಕು. ಇದು ನಿಜವಾದ ಜಮಾ. ಆದರೆ ಬಂದ ನೀರು ಇನ್ನೂ ಕುದಿಯುವ ತಾಪಕ್ಕೆ ಮುಟ್ಟಿಲ್ಲ. ಪ್ರತಿ ಕಿಲೋಗೂ ಸುಮಾರು 360 ಕಿಲೋಜೂಲ್ ಶಾಖ ಬೇಕು. ಬೆಂಕಿ ಮೊದಲಿನಷ್ಟೇ ಇದೆ. ಹಾಗಾಗಿ ಆ ಶಾಖ ಬರುವುದು ಗುಳ್ಳೆಗಳಿಂದಲೇ: ಇದ್ದ ಗುಳ್ಳೆ ಕರಗುತ್ತದೆ, ಹುಟ್ಟಬೇಕಾದ ಗುಳ್ಳೆ ಹುಟ್ಟುವುದಿಲ್ಲ. ಒಂದು ಕಿಲೋ ಉಗಿ ಕರಗಿದರೆ 1675 ಕಿಲೋಜೂಲ್ ಬಿಡುತ್ತದೆ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 0.6 ಕಿಲೋ ಉಗಿ ಕಡಿಮೆಯಾಗುತ್ತದೆ. ತೂಕದಲ್ಲಿ ಅದು ಏನೂ ಅಲ್ಲ. ಗಾತ್ರದಲ್ಲಿ ಮಾತ್ರ, ಸೇರಿದ ನೀರಿನ 7.4 ಪಟ್ಟು.

ಅದೃಷ್ಟವೆಂದರೆ ಈ ನಷ್ಟ ಸದಾ ಮುಂದುವರಿಯುವುದಿಲ್ಲ. ರೈಸರ್ ಕೊಳವೆಗಳಲ್ಲಿ ಹುಟ್ಟಿದ ಗುಳ್ಳೆ ಡ್ರಮ್ಮಿನ ನೀರನ್ನು ದಾಟಿ ಮೇಲೆ ಹೋಗಲು ಕೆಲವೇ ಸೆಕೆಂಡು ಹಿಡಿಯುತ್ತದೆ. ನಮ್ಮ ಉದಾಹರಣೆಗೆ 3 ಸೆಕೆಂಡು ಎಂದುಕೊಳ್ಳೋಣ. ಅಷ್ಟು ಹೊತ್ತು ಕಳೆದ ಮೇಲೆ ನೀರಿನೊಳಗಿನ ಗುಳ್ಳೆಯ ಒಟ್ಟು ಮೊತ್ತ ಹೊಸ, ಸ್ವಲ್ಪ ಕಡಿಮೆ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆಗಿರುವ ನಷ್ಟ ಒಂದೇ ಸಲದ್ದು, ಸುಮಾರು 6.5 ಮಿ.ಮೀ. ನೀರಿನ ಜಮಾ ಮಾತ್ರ ನಡೆಯುತ್ತಲೇ ಇರುತ್ತದೆ.

ಎರಡನ್ನೂ ಕೂಡಿಸಿದರೆ ಗೇಜಿನಲ್ಲಿ ಕಾಣುವುದು ಇದು: ವಾಲ್ವ್ ತೆರೆದ ಕೂಡಲೇ ಮಟ್ಟ ಇಳಿಯಲು ಶುರು. 6ನೇ ಸೆಕೆಂಡಿಗೆ ಸುಮಾರು 4 ಮಿ.ಮೀ. ಕೆಳಗೆ. ಅಲ್ಲಿಂದ ತಿರುಗಿ ಏರಿಕೆ. ಮೊದಲಿದ್ದ ಗೆರೆಗೆ ಮರಳುವುದು 22ನೇ ಸೆಕೆಂಡಿಗೆ. ಆಮೇಲೆ ನೇರವಾಗಿ ಏರುತ್ತದೆ. ಬಾಯ್ಲರ್ ಮನೆಯಲ್ಲಿ ಇದಕ್ಕೆ ಶ್ರಿಂಕ್ ಎನ್ನುತ್ತಾರೆ. ಉಗಿಯ ಬೇಡಿಕೆ ಏಕಾಏಕಿ ಏರಿ ಒತ್ತಡ ಕುಸಿದಾಗ ಗುಳ್ಳೆ ಉಬ್ಬಿ, ಹೊಸ ಗುಳ್ಳೆಯೂ ಹುಟ್ಟಿ ಮಟ್ಟ ಏರುವುದು ಸ್ವೆಲ್. ಪೂರ್ತಿ ಲೋಡಿನಲ್ಲಿ ಈ ಬಾಯ್ಲರಿನ ನೀರಿನೊಳಗೆ ಯಾವುದೇ ಕ್ಷಣದಲ್ಲಿ ಸುಮಾರು 50 ಕಿಲೋ ಉಗಿ ಇರುತ್ತದೆ, ಅಂದರೆ 2.2 ಘನ ಮೀಟರ್. ಮಟ್ಟದ ಲೆಕ್ಕದಲ್ಲಿ ಅದು 180 ಮಿ.ಮೀ. ಸಿಪ್ಪೆಯ ಫೀಡರ್ ಕಟ್ಟಿ ಬೆಂಕಿ ಸತ್ತರೆ, ಒಂದು ಹನಿ ನೀರೂ ಹೊರಗೆ ಹೋಗದೆ, ಮಟ್ಟ ಅಷ್ಟು ಕುಸಿಯಬಹುದು. ಮಟ್ಟ ತೀರಾ ಇಳಿದಾಗ ಬಾಯ್ಲರನ್ನು ತಾನಾಗಿ ನಿಲ್ಲಿಸುವ ಲೋ-ಲೋ ಟ್ರಿಪ್ ಮೈನಸ್ 150 ಮಿ.ಮೀ.ಗೆ ಇದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಶೂನ್ಯ ಎಲ್ಲಿಂದ ಬಂತು

ಮೇಲಿನ ಮಾತನ್ನೇ ಸೂತ್ರದಲ್ಲಿ ಬರೆದರೆ ಹೀಗಾಗುತ್ತದೆ:

```
G(s) = a/s − b/(1 + τs) = a(1 − Ts) / [s(1 + τs)]

T = b/a − τ = τ(r − 1)
r = (Δh/hfg) × (ρf/ρg)
```

`a` ಎಂದರೆ ನೀರಿನ ಜಮಾ, `b` ಎಂದರೆ ಗುಳ್ಳೆಯ ನಷ್ಟ, `τ` ಗುಳ್ಳೆ ನೀರಿನೊಳಗೆ ಕಳೆಯುವ ಸಮಯ. `Δh` ಫೀಡ್‌ವಾಟರನ್ನು ಕುದಿಯುವ ತಾಪಕ್ಕೆ ತರಲು ಬೇಕಾದ ಶಾಖ, `hfg` ಆವಿಯಾಗುವ ಗುಪ್ತೋಷ್ಣ, ಕೊನೆಯದು ನೀರು ಮತ್ತು ಉಗಿಯ ಸಾಂದ್ರತೆಯ ಅನುಪಾತ. ನಮ್ಮ ಬಾಯ್ಲರಿಗೆ `r` 7.4, ಆದ್ದರಿಂದ `T` ಸುಮಾರು 19 ಸೆಕೆಂಡು. ಅಂಶದಲ್ಲಿರುವ `1 − Ts` ಸೊನ್ನೆಯಾಗುವುದು `s = z = 1/T` ಆದಾಗ, ಅಂದರೆ ಸೆಕೆಂಡಿಗೆ 0.053 ರೇಡಿಯನ್. ಧನ ಸಂಖ್ಯೆಯಾದ್ದರಿಂದ ಇದು ಸಂಕೀರ್ಣ ತಲದ ಬಲ ಅರ್ಧದಲ್ಲಿ ಕೂರುತ್ತದೆ. ಅದೇ ಬಲ ಅರ್ಧತಲದ ಶೂನ್ಯ.

ಡ್ರಮ್ಮಿನ ವಿಸ್ತೀರ್ಣ ಈ ಸೂತ್ರದಿಂದ ಕಳಚಿ ಹೋಗಿದೆ, ಗಮನಿಸಿ. ದೊಡ್ಡ ಡ್ರಮ್ ಹಾಕಿದರೆ ಮಟ್ಟದ ಏರಿಳಿತ ಮಿಲಿಮೀಟರಿನಲ್ಲಿ ಕಡಿಮೆಯಾಗುತ್ತದೆ, ನಿಜ. ಆದರೆ ಉಲ್ಟಾ ಹೋಗುವ ಸಮಯ ಅಷ್ಟೇ ಇರುತ್ತದೆ. `r` ಒಂದಕ್ಕಿಂತ ಕಡಿಮೆಯಾದರೆ, ಅಂದರೆ ನೀರು ಹೆಚ್ಚುಕಡಿಮೆ ಕುದಿಯುವ ತಾಪದಲ್ಲೇ ಬಂದರೆ, ಶೂನ್ಯ ಎಡಕ್ಕೆ ಸರಿದು ಉಲ್ಟಾ ಪ್ರತಿಕ್ರಿಯೆಯೇ ಇರುವುದಿಲ್ಲ.

ಇದು ಸರಳ ಮಾದರಿ. ಒತ್ತಡ ಸ್ಥಿರ ಎಂದುಕೊಂಡಿದ್ದೇವೆ, ಎಲ್ಲ ಶಾಖವೂ ನೀರೊಳಗಿನ ಗುಳ್ಳೆಯಿಂದಲೇ ಬಂತು ಎಂದುಕೊಂಡಿದ್ದೇವೆ. ಆಸ್ಟ್ರೋಮ್ ಮತ್ತು ಬೆಲ್ 2000ರಲ್ಲಿ ಪ್ರಕಟಿಸಿದ ಡ್ರಮ್ ಬಾಯ್ಲರ್ ಮಾದರಿಯಲ್ಲಿ ನಾಲ್ಕು ಸ್ಥಿತಿಗಳಿವೆ: ಒಟ್ಟು ನೀರು, ಒತ್ತಡ, ರೈಸರಿನ ಉಗಿ ಪ್ರಮಾಣ, ಡ್ರಮ್ಮಿನಲ್ಲಿ ನೀರಿನ ಕೆಳಗಿನ ಉಗಿ. ನಿಖರ ಕೆಲಸಕ್ಕೆ ಅದು ಬೇಕು. ಎಲ್ಲಿ ತೊಂದರೆ ಇದೆ, ಎಷ್ಟಿದೆ ಎಂದು ತಿಳಿಯಲು ನಮ್ಮದು ಸಾಕು.

ಶೂನ್ಯ ಎಂದರೆ ಏನು ಎಂಬುದಕ್ಕೆ ಪಠ್ಯಪುಸ್ತಕ ಬೀಜಗಣಿತದ ಉತ್ತರ ಕೊಡುತ್ತದೆ. ಬಾಯ್ಲರ್ ಕೊಡುವ ಉತ್ತರ ಇನ್ನೂ ಚೆನ್ನಾಗಿದೆ. ಫೀಡ್‌ವಾಟರನ್ನು 19 ಸೆಕೆಂಡಿಗೆ 2.7 ಪಟ್ಟಿನಂತೆ ಹೆಚ್ಚಿಸುತ್ತಲೇ ಹೋಗಿ ಎನ್ನೋಣ. ಪ್ರತಿ ಕ್ಷಣವೂ ಸೇರುವ ನೀರಿನ ಗಾತ್ರ ಮತ್ತು ಸಾಯುವ ಗುಳ್ಳೆಯ ಗಾತ್ರ ಸರಿಸಮ. ಗೇಜಿನಲ್ಲಿ ಮಟ್ಟ ಅಲ್ಲಾಡುವುದಿಲ್ಲ! ಒಳಗೆ ನೀರಿನ ತೂಕ ಬೆಳೆಯುತ್ತಲೇ ಇದೆ, ಹೊರಗೆ ಕಾಣುವುದು ಸೊನ್ನೆ. ಕೆಲವರು "ಶೂನ್ಯವನ್ನು ಕಂಟ್ರೋಲರಿನಲ್ಲಿ `1/(1 − Ts)` ಇಟ್ಟು ಹೊಡೆದು ಹಾಕಿದರಾಯಿತಲ್ಲ" ಎನ್ನುತ್ತಾರೆ. ಹಾಗೆ ಮಾಡಿದರೆ ಕಂಟ್ರೋಲರ್ ಮಾಡುವುದು ಇದನ್ನೇ. ಕಾಗದದ ಮೇಲೆ ಎರಡೂ ಕಳೆದು ಹೋಗುತ್ತವೆ, ಬಾಯ್ಲರಿನಲ್ಲಿ ವಾಲ್ವ್ ಪೂರ್ತಿ ತೆರೆದು ನಿಲ್ಲುವವರೆಗೆ ಗೇಜಿಗೆ ಸುಳಿವೇ ಸಿಗುವುದಿಲ್ಲ.

ಅವಸರಕ್ಕೆ ತೆರಬೇಕಾದ ಬೆಲೆ

ಹೊಡೆದು ಹಾಕುವಂತಿಲ್ಲ ಎಂದ ಮೇಲೆ ಒಂದು ಮಾತು ತಾನಾಗಿ ಬರುತ್ತದೆ. ಯಾವ ಕಂಟ್ರೋಲರ್ ಹಾಕಿದರೂ `s = z` ಬಿಂದುವಿನಲ್ಲಿ ಲೂಪಿನ ಒಟ್ಟು ಗೇನ್ ಸೊನ್ನೆ. ಅಲ್ಲಿ ಸೆಟ್‌ಪಾಯಿಂಟಿನಿಂದ ಮಟ್ಟದವರೆಗಿನ ವರ್ಗಾವಣೆಯೂ ಸೊನ್ನೆ. ಲ್ಯಾಪ್ಲಾಸ್ ರೂಪವನ್ನು ಬಿಡಿಸಿ ಬರೆದರೆ:

```
∫ y(t) · e^(−zt) dt = 0     (t = 0 ರಿಂದ ಅನಂತದವರೆಗೆ)
```

ಸೆಟ್‌ಪಾಯಿಂಟನ್ನು ಏರಿಸಿದ ನಂತರ ಮಟ್ಟ ಹೇಗೇ ಸಾಗಲಿ, ಅದನ್ನು `e^(−zt)` ಎಂಬ ತೂಕದಿಂದ ಗುಣಿಸಿ ಕೂಡಿಸಿದರೆ ಸೊನ್ನೆಯೇ ಬರಬೇಕು. ಕೊನೆಗೆ ಮಟ್ಟ ಮೇಲಿರುತ್ತದೆ, ಅದು ಜಮಾ. ಹಾಗಾದರೆ ಮೊದಲಿಗೆ ಕೆಳಗೆ ಹೋಗಿ ಅಷ್ಟೇ ಖರ್ಚು ತೋರಿಸಲೇಬೇಕು. ತೂಕ ಕಾಲದೊಂದಿಗೆ ಕರಗುವುದರಿಂದ, ಬೇಗ ಮೇಲೆ ಬಂದಷ್ಟೂ ಜಮಾ ದೊಡ್ಡದು, ಖರ್ಚು ತೋರಿಸಲು ಉಳಿದ ಸಮಯ ಚಿಕ್ಕದು. ಹಾಗಾಗಿ ಹಳ್ಳ ಆಳವಾಗಬೇಕು.

ಮಟ್ಟ `ts` ಸೆಕೆಂಡಿನೊಳಗೆ ಗುರಿಯ 90 ಶೇಕಡಾ ಮುಟ್ಟಿ ಮತ್ತೆ ಅದಕ್ಕಿಂತ ಕೆಳಗಿಳಿಯಬಾರದು ಎಂದು ಹಟ ಹಿಡಿದರೆ, ಮೊದಲ ಇಳಿತ ಕನಿಷ್ಠ `0.9/(e^(z·ts) − 1)` ಪಟ್ಟು ಇರುತ್ತದೆ. ನಮ್ಮ ಬಾಯ್ಲರಿನಲ್ಲಿ ಮಟ್ಟವನ್ನು 50 ಮಿ.ಮೀ. ಏರಿಸಬೇಕು ಎನ್ನೋಣ. ಒಂದು ನಿಮಿಷ ಸಮಯ ಕೊಟ್ಟರೆ ಇಳಿತ 2 ಮಿ.ಮೀ. ಸಾಕು. 20 ಸೆಕೆಂಡಿನಲ್ಲಿ ಬೇಕೆಂದರೆ ಕನಿಷ್ಠ 24 ಮಿ.ಮೀ. 10 ಸೆಕೆಂಡಿಗೆ 65. 5 ಸೆಕೆಂಡಿನಲ್ಲಿ ಬೇಕೇ? 150 ಮಿ.ಮೀ. ಇಳಿಯಬೇಕು, ಅಂದರೆ ಏರಿಸಲು ಹೋಗಿ ಲೋ-ಲೋ ಟ್ರಿಪ್ಪಿಗೇ ತಾಗಿದಂತೆ. ಇವು ಕನಿಷ್ಠ ಮಿತಿ. ಜಾಣ ಕಂಟ್ರೋಲರಿಗೂ ದಡ್ಡ ಕಂಟ್ರೋಲರಿಗೂ ಒಂದೇ.

ಬ್ಯಾಂಡ್‌ವಿಡ್ತ್ ಭಾಷೆಯಲ್ಲಿ ಇದೇ ಮಾತು ಹೀಗೆ. ಹೊರಗಿನ ಗಲಾಟೆಯಲ್ಲಿ ಎಷ್ಟು ಪಾಲು ಮಟ್ಟದಲ್ಲಿ ಉಳಿಯುತ್ತದೆ ಎಂಬುದನ್ನು ಸಂವೇದಿತೆ `S` ಹೇಳುತ್ತದೆ. `S` 0.1 ಎಂದರೆ ಹತ್ತರಲ್ಲಿ ಒಂದು ಪಾಲು ಉಳಿಯಿತು, 2 ಎಂದರೆ ಕಂಟ್ರೋಲರೇ ಗಲಾಟೆಯನ್ನು ಇಮ್ಮಡಿ ಮಾಡಿತು. `s = z` ನಲ್ಲಿ ಲೂಪ್ ಸೊನ್ನೆಯಾದ್ದರಿಂದ ಅಲ್ಲಿ `S = 1`. ಸ್ಥಿರವಾದ ಲೂಪಿಗೆ ಇದರಿಂದ ಬರುವ ಫಲಿತಾಂಶ: ಎಲ್ಲ ಆವರ್ತನಗಳಲ್ಲಿ `ln|S|` ನ ತೂಕಬದ್ಧ ಸರಾಸರಿ ಸೊನ್ನೆ. ತೂಕ `z/(z² + ω²)`. ಈ ತೂಕದ ಸರಿಯಾಗಿ ಅರ್ಧ ಭಾಗ `ω` ಸೊನ್ನೆಯಿಂದ `z` ವರೆಗೆ ಇದೆ, ಉಳಿದ ಅರ್ಧ ಅಲ್ಲಿಂದ ಅನಂತದವರೆಗೆ.

ಈಗ ಜಮಾ-ಖರ್ಚು ನೋಡಿ. ಗಲಾಟೆಯನ್ನು ಹತ್ತರಲ್ಲಿ ಒಂದಕ್ಕೆ ಇಳಿಸಬೇಕು. ಅದನ್ನು `z` ನ ಕಾಲು ಭಾಗದವರೆಗೆ ಮಾತ್ರ ಕೇಳಿದರೆ ಉಳಿದ ಕಡೆ `S` 1.5ರ ಆಸುಪಾಸಿಗೆ ಏರಿದರೆ ಸಾಕು. ಅರ್ಧದವರೆಗೆ ಕೇಳಿದರೆ 2.6. `z` ವರೆಗೆ ಕೇಳಿದರೆ 10. `z` ನ ಎರಡು ಪಟ್ಟಿನವರೆಗೆ ಕೇಳಿದರೆ ಉಳಿದ ಕಡೆ ಸರಾಸರಿ 244 ಪಟ್ಟು! ಅದೂ ಆ ಏರಿಕೆಯನ್ನು ಅನಂತದವರೆಗೆ ಸಮವಾಗಿ ಹರಡಬಹುದು ಎಂಬ ಉದಾರ ಊಹೆಯಲ್ಲಿ. ನಿಜವಾದ ಲೂಪಿನಲ್ಲಿ ವಾಲ್ವ್ ಮೇಲಿನ ಆವರ್ತನಗಳಿಗೆ ಸ್ಪಂದಿಸುವುದೇ ಇಲ್ಲ, ಸಾಲವೆಲ್ಲ ಒಂದೇ ಕಡೆ ಗುಡ್ಡೆಯಾಗುತ್ತದೆ. ಬ್ಯಾಂಡ್‌ವಿಡ್ತ್ `z` ನ ಅರ್ಧಕ್ಕಿಂತ ಹೆಚ್ಚಿರಬಾರದು ಎಂಬ ನಿಯಮ ಬಂದಿರುವುದು ಇಲ್ಲಿಂದ. ನಮ್ಮ ಬಾಯ್ಲರಿಗೆ ಅದು ಸೆಕೆಂಡಿಗೆ 0.026 ರೇಡಿಯನ್. ಮಟ್ಟದ ಲೂಪಿನ ಕಾಲಾಂಕ 40 ಸೆಕೆಂಡಿಗಿಂತ ಚುರುಕಾಗಿರಬೇಕು ಎಂದು ಯಾರೂ ಕೇಳಬಾರದು.

ಗೇನಿನಲ್ಲಿ ಇದು ಎಷ್ಟು, ಮತ್ತು ಹಂಗಾಮಿನ ಮೊದಲ ದಿನ

ಬರೀ ಪ್ರಪೋರ್ಶನಲ್ ಕಂಟ್ರೋಲರ್ ಹಾಕಿದರೆ ಲೂಪಿನ ಸಮೀಕರಣ ಎರಡನೇ ಘಾತದ್ದು: `τs² + (1 − KaT)s + Ka = 0`. ನಡುವಿನ ಪದ ಧನವಾಗಿರುವವರೆಗೆ ಮಾತ್ರ ಸ್ಥಿರ. ಅಂದರೆ ಕಂಟ್ರೋಲರಿನ ಗೇನ್ `K` ಯ ಮಿತಿ `1/(aT)`. ನಮ್ಮ ಅಂಕಿಗಳಲ್ಲಿ ಒಂದು ಮಿ.ಮೀ. ಗೆ ಗಂಟೆಗೆ 1.8 ಟನ್. ಲೆವೆಲ್ ಟ್ರಾನ್ಸ್‌ಮಿಟರಿನ ಸ್ಪ್ಯಾನ್ 400 ಮಿ.ಮೀ., ಫ್ಲೋ ಸ್ಪ್ಯಾನ್ ಗಂಟೆಗೆ 80 ಟನ್ ಎಂದಿಟ್ಟುಕೊಂಡರೆ ಪರದೆಯ ಮೇಲಿನ ಗೇನ್ 9. ಇಂಟಿಗ್ರಲ್ ಇಲ್ಲ, ವಾಲ್ವಿನ ತಡವಿಲ್ಲ ಎಂದರೂ 9ಕ್ಕೆ ತೂಗಾಟ ಶುರು. ಕಾಲು ಭಾಗ, ಅಂದರೆ 2.2, ಸುರಕ್ಷಿತ. ಆಗ ಲೂಪಿನ ಕಾಲಾಂಕ ಸುಮಾರು ಒಂದು ನಿಮಿಷ. ಇಂಟಿಗ್ರಲ್ ಸಮಯ 5 ನಿಮಿಷಕ್ಕಿಂತ ಕಡಿಮೆ ಬೇಡ.

ಈಗ ಹಂಗಾಮು ಶುರುವಾಗುವ ದಿನಕ್ಕೆ ಬನ್ನಿ. ಬಾಯ್ಲರ್ ಈಗಷ್ಟೇ ಬಿಸಿಯಾಗುತ್ತಿದೆ, ಒತ್ತಡ 10 ಬಾರ್. ಎಕನಾಮೈಸರ್ ಇನ್ನೂ ಶಾಖ ಹಿಡಿದಿಲ್ಲ, ಡಿಏರೇಟರಿನಿಂದ ಬಂದ 105 ಡಿಗ್ರಿ ನೀರು ಹಾಗೇ ಒಳಗೆ ಹೋಗುತ್ತಿದೆ. 10 ಬಾರ್‌ನಲ್ಲಿ ನೀರು ಮತ್ತು ಉಗಿಯ ಸಾಂದ್ರತೆಯ ಅನುಪಾತ 35 ಅಲ್ಲ, 172. `r` 7.4 ರಿಂದ 27ರ ಮೇಲಕ್ಕೆ ಹೋಗುತ್ತದೆ. ಗುಳ್ಳೆಯ 3 ಸೆಕೆಂಡನ್ನು ಬದಲಿಸದೇ ಇಟ್ಟರೆ `T` 80 ಸೆಕೆಂಡು. ಗೇನಿನ ಮಿತಿ 9 ರಿಂದ 2.4ಕ್ಕೆ ಕುಸಿಯಿತು. ಪೂರ್ತಿ ಒತ್ತಡದಲ್ಲಿ ನಿಶ್ಚಿಂತೆಯಿಂದ ನಡೆಯುತ್ತಿದ್ದ 2.2 ಈಗ ಅಂಚಿನಲ್ಲಿ ನಿಂತಿದೆ. ವಾಲ್ವಿನ ಎರಡು ಮೂರು ಸೆಕೆಂಡು ತಡವೂ ಸೇರಿದರೆ ಅಂಚು ದಾಟಿದಂತೆಯೇ.

ಇನ್ನೊಂದು ಕಡೆಯಿಂದಲೂ ಅದೇ ಹೊತ್ತಿಗೆ ಆಸರೆ ತಪ್ಪುತ್ತದೆ. ಮಾಮೂಲಿ ದಿನಗಳಲ್ಲಿ ತ್ರೀ-ಎಲಿಮೆಂಟ್ ಕಂಟ್ರೋಲ್ ಇರುತ್ತದೆ: ಎಷ್ಟು ಉಗಿ ಹೊರಗೆ ಹೋಯಿತೋ ಅಷ್ಟು ನೀರು ಒಳಗೆ ಎಂದು ಸ್ಟೀಮ್ ಫ್ಲೋ ನೇರವಾಗಿ ಹೇಳುತ್ತದೆ, ಒಳಗಿನ ಫ್ಲೋ ಲೂಪ್ ಅದನ್ನು ಪಾಲಿಸುತ್ತದೆ, ಮಟ್ಟದ ಕಂಟ್ರೋಲರ್ ನಿಧಾನವಾಗಿ ಸಣ್ಣ ತಿದ್ದುಪಡಿ ಮಾಡುತ್ತದೆ. ನೀರಿನ ಜಮಾ-ಖರ್ಚು ಸರಿದೂಗಿಸಲು ಮಟ್ಟದ ಲೂಪ್ ಅವಸರ ಮಾಡಬೇಕಾಗಿಲ್ಲ. ಲೋಡ್ ಏರಿದಾಗಿನ ಸ್ವೆಲ್ ಮತ್ತು ಹೆಚ್ಚು ನೀರಿನ ಶ್ರಿಂಕ್ ಒಂದನ್ನೊಂದು ಅಷ್ಟಿಷ್ಟು ತಿಂದು ಹಾಕುತ್ತವೆ ಎಂಬುದು ಮೇಲಿನ ಲಾಭ. ಆದರೆ ಕಡಿಮೆ ಲೋಡಿನಲ್ಲಿ ಆರಿಫೈಸ್ ಫ್ಲೋ ಮೀಟರ್ ನಂಬುವಂತಿರುವುದಿಲ್ಲ. ಹರಿವು ಕಾಲು ಭಾಗಕ್ಕೆ ಇಳಿದರೆ ಒತ್ತಡದ ವ್ಯತ್ಯಾಸ ಹದಿನಾರರಲ್ಲಿ ಒಂದಕ್ಕೆ ಇಳಿಯುತ್ತದೆ. ಹಾಗಾಗಿ ಶುರುವಿನಲ್ಲಿ ಸಿಂಗಲ್ ಎಲಿಮೆಂಟ್‌ನಲ್ಲೇ, ಅಂದರೆ ಬರೀ ಮಟ್ಟ ನೋಡಿ, ನಡೆಸುತ್ತಾರೆ. ಶೂನ್ಯ ಅತ್ಯಂತ ನಿಧಾನವಾಗಿರುವ ಹೊತ್ತಿನಲ್ಲೇ ಪೂರ್ತಿ ಭಾರ ಮಟ್ಟದ ಲೂಪಿನ ಮೇಲೆ ಬೀಳುತ್ತದೆ.

ಇದನ್ನು ಟ್ರೆಂಡಿನಲ್ಲಿ ಗುರುತಿಸುವುದು ಹೇಗೆ? ಮಟ್ಟ ಮತ್ತು ಫೀಡ್ ಫ್ಲೋ ಒಂದೂವರೆ, ಎರಡು ನಿಮಿಷದ ಆವರ್ತದಲ್ಲಿ ತೂಗಾಡುತ್ತಿದ್ದರೆ ಗೇನ್ ಹೆಚ್ಚಾಗಿದೆ, ಶೂನ್ಯ ಕಚ್ಚುತ್ತಿದೆ. ಗೇನ್ ಇಳಿಸಿ. ಇಲ್ಲಿ ಬಹಳ ಮಂದಿ ಒಂದು ತಪ್ಪು ಮಾಡುತ್ತಾರೆ: ಗೇನನ್ನು 0.6ಕ್ಕೆ ತಂದು ಇಂಟಿಗ್ರಲನ್ನು 5 ನಿಮಿಷಕ್ಕೇ ಬಿಡುತ್ತಾರೆ. ಚುರುಕಾದ ತೂಗಾಟ ನಿಲ್ಲುತ್ತದೆ, ಅರ್ಧ ಗಂಟೆಗೂ ಉದ್ದದ ಇನ್ನೊಂದು ತೂಗಾಟ ಶುರುವಾಗುತ್ತದೆ. ಡ್ರಮ್ ಸ್ವತಃ ಒಂದು ಇಂಟಿಗ್ರೇಟರ್, ಅದರ ಮೇಲೆ ಇನ್ನೊಂದನ್ನು ಅವಸರದಿಂದ ಓಡಿಸಿದ ಫಲ ಅದು. ಗೇನ್ ನಾಲ್ಕು ಪಟ್ಟು ಇಳಿಸಿದರೆ ಇಂಟಿಗ್ರಲ್ ಸಮಯವನ್ನೂ ನಾಲ್ಕು ಪಟ್ಟು, ಸುಮಾರು 20 ನಿಮಿಷಕ್ಕೆ, ಏರಿಸಬೇಕು. ಒತ್ತಡದ ಪ್ರಕಾರ ಎರಡೂ ತಾವಾಗಿ ಬದಲಾಗುವಂತೆ ಕಂಟ್ರೋಲ್ ಕಂಪ್ಯೂಟರ್ ಆದ ಡಿಸಿಎಸ್‌ನಲ್ಲಿ ಒಂದು ಸಣ್ಣ ಕೋಷ್ಟಕ ಹಾಕಿಟ್ಟರೆ ಒಳ್ಳೆಯದು.

ನಿಮ್ಮ ಬಾಯ್ಲರಿನ ಶೂನ್ಯ ಅಳೆಯುವುದು

ಲೋಡ್ ಮತ್ತು ಒತ್ತಡ ಸ್ಥಿರವಾಗಿರುವ ಹೊತ್ತು ನೋಡಿ. ಮಟ್ಟದ ಕಂಟ್ರೋಲರನ್ನು ಮ್ಯಾನ್ಯುಯಲ್‌ಗೆ ಹಾಕಿ, ಫೀಡ್ ಫ್ಲೋ ಸೆಟ್‌ಪಾಯಿಂಟನ್ನು 10 ಟನ್ ಏರಿಸಿ, ಒಂದೂವರೆ ನಿಮಿಷ ಬಿಟ್ಟು ಮೊದಲಿನ ಜಾಗಕ್ಕೆ ತನ್ನಿ. ನಮ್ಮ ಬಾಯ್ಲರಿನಲ್ಲಿ ಅಷ್ಟರಲ್ಲಿ ಮಟ್ಟ 20 ಮಿ.ಮೀ. ಏರಿರುತ್ತದೆ, ಅಪಾಯವಿಲ್ಲ. ಆದರೂ ಗೇಜ್ ಗ್ಲಾಸಿನ ಮುಂದೆ ಒಬ್ಬರು ನಿಂತಿರಲಿ. ಟ್ರಾನ್ಸ್‌ಮಿಟರಿನ ಡ್ಯಾಂಪಿಂಗ್ 1 ಸೆಕೆಂಡಿಗಿಂತ ಹೆಚ್ಚಿರಬಾರದು, ರೆಕಾರ್ಡಿಂಗ್ ಪ್ರತಿ ಸೆಕೆಂಡಿಗೆ ಆಗಬೇಕು. 10 ಸೆಕೆಂಡಿನ ಡ್ಯಾಂಪಿಂಗ್ ಇದ್ದರೆ 4 ಮಿ.ಮೀ. ಇಳಿತ ಹೆಚ್ಚುಕಡಿಮೆ ಅರ್ಧವಾಗಿ ಮಟ್ಟದ ಕುಣಿತದಲ್ಲಿ ಮುಚ್ಚಿಹೋಗಬಹುದು, "ನಮ್ಮಲ್ಲಿ ಶ್ರಿಂಕ್ ಇಲ್ಲ" ಎಂಬ ತೀರ್ಮಾನಕ್ಕೆ ಬರುತ್ತೀರಿ.

ಆಮೇಲೆ ಸ್ಕೇಲ್ ಇಟ್ಟುಕೊಂಡು ಕೊನೆಯ ನೇರ ಏರಿಕೆಯ ಗೆರೆಯನ್ನು ಹಿಂದಕ್ಕೆ ಎಳೆಯಿರಿ. ಮೊದಲಿನ ಮಟ್ಟದ ಗೆರೆಯನ್ನು ಅದು ಎಷ್ಟನೇ ಸೆಕೆಂಡಿಗೆ ಕತ್ತರಿಸುತ್ತದೆ ನೋಡಿ. ನಮ್ಮ ಬಾಯ್ಲರಿನಲ್ಲಿ 22. ಅದರಿಂದ ಗುಳ್ಳೆಯ 3 ಸೆಕೆಂಡು ಕಳೆದರೆ ನಿಮ್ಮ `T`. ಡ್ರಮ್ಮಿನ ಮಟ್ಟ ಯಾವಾಗಲೂ ಕುಣಿಯುತ್ತಿರುವುದರಿಂದ ಒಂದೇ ಪರೀಕ್ಷೆ ನಂಬಬೇಡಿ. ಏರಿಸಿ, ಇಳಿಸಿ, ನಾಲ್ಕೈದು ಸಲ ಮಾಡಿ ಸರಾಸರಿ ತೆಗೆಯಿರಿ. ನಡುವೆ ಸ್ಟೀಮ್ ಫ್ಲೋ ಅಲ್ಲಾಡಿದ್ದರೆ ಆ ಪರೀಕ್ಷೆ ಬಿಟ್ಟುಬಿಡಿ.

ಕೇಳುಗರ ಪ್ರಶ್ನೆಗಳು

*ಸರ, ಪಿಐಡಿಯೊಳಗ ಡಿ ಸ್ವಲ್ಪ ಹೆಚ್ಚಿಗಿ ಕೊಟ್ರ ಕಂಟ್ರೋಲರ್ ಮುಂದಿಂದು ನೋಡ್ತದಲ್ರಿ? ಆಗ ಚುರುಕ್ ಮಾಡಬಹುದಲ್ಲ?*

ಮಟ್ಟ ಇಳಿಯುತ್ತಿರುವ ವೇಗವನ್ನು ಡಿರೈವೇಟಿವ್ ನೋಡುತ್ತದೆ, ನಿಜ. ಆದರೆ ವಾಲ್ವ್ ತೆರೆದ ಮೊದಲ 6 ಸೆಕೆಂಡು ಆ ವೇಗವೇ ಸುಳ್ಳು. ಇಳಿಯುತ್ತಿದೆ ಎಂದು ಇನ್ನಷ್ಟು ತೆರೆಯುತ್ತದೆ. ಡ್ರಮ್ ಮಟ್ಟದಲ್ಲಿ ಡಿ ಸೊನ್ನೆ ಇಟ್ಟುಬಿಡಿ.

*ಮಾಡೆಲ್ ಪ್ರಿಡಿಕ್ಟಿವ್ ಕಂಟ್ರೋಲ್ ಹಾಕಿದರೆ ಈ ಮಿತಿ ದಾಟಬಹುದೇ?*

ಮೊದಲು ಇಳಿದು ಆಮೇಲೆ ಏರುತ್ತದೆ ಎಂಬುದು ಅದಕ್ಕೆ ಗೊತ್ತಿರುತ್ತದೆ, ಹಾಗಾಗಿ ಇಳಿತ ಕಂಡು ಗಾಬರಿಯಾಗುವುದಿಲ್ಲ. ಮಿತಿಯ ಹತ್ತಿರಕ್ಕೆ ನೆಮ್ಮದಿಯಿಂದ ಹೋಗಬಲ್ಲದು, ದಾಟಲಾರದು. ಅದರ ಬಲ ಇರುವುದು ಬೇರೆ ಕಡೆ: ಬೆಂಕಿ ಮತ್ತು ನೀರು ಎರಡನ್ನೂ ಒಟ್ಟಿಗೆ ಅಲ್ಲಾಡಿಸಬಲ್ಲದು. ತಣ್ಣೀರು ಹೆಚ್ಚಿಸುವಾಗಲೇ ಶಾಖವನ್ನೂ ಹೆಚ್ಚಿಸಿದರೆ ಗುಳ್ಳೆಯ ನಷ್ಟ ಕಡಿಮೆಯಾಗುತ್ತದೆ. ಗ್ಯಾಸ್ ಬರ್ನರಿನಲ್ಲಿ ಇದು ಸಾಧ್ಯ. ಸಿಪ್ಪೆಯ ಒಲೆಯಲ್ಲಿ ಫೀಡರ್ ಏರಿಸಿದ ಮೇಲೆ ಶಾಖ ಬರುವುದೇ ತಡವಾಗಿ, ಅಷ್ಟರಲ್ಲಿ ಈ 20 ಸೆಕೆಂಡಿನ ನಾಟಕ ಮುಗಿದಿರುತ್ತದೆ.

*ಹಂಗಾದ್ರ ಎಕನಾಮೈಸರ್ ಬೈಪಾಸ್ ಮಾಡಿ ನಡಸ್ಬೇಕಾದಾಗ ಏನ್ ಮಾಡ್ಬೇಕ್ರಿ?*

45 ಬಾರ್‌ನಲ್ಲೇ 105 ಡಿಗ್ರಿ ನೀರು ಹೋದರೆ `r` 7.4 ರಿಂದ 14ಕ್ಕೆ ಏರುತ್ತದೆ, `T` 39 ಸೆಕೆಂಡು. ಗೇನಿನ ಮಿತಿ ಅರ್ಧವಾಯಿತು. ಗೇನ್ ಅರ್ಧ ಮಾಡಿ, ಇಂಟಿಗ್ರಲ್ ಸಮಯ ಎರಡು ಪಟ್ಟು ಮಾಡಿ. ಬೈಪಾಸ್ ವಾಲ್ವನ್ನು ಒಮ್ಮೆಲೇ ತಿರುಗಿಸಬೇಡಿ. ಆಗ ನೀರಿನ ಹರಿವು ಬದಲಾಗದೇ ಬರೀ ತಾಪ ಬಿದ್ದೇ ಪೂರ್ತಿ 60 ಟನ್ ನೀರಿನ ಮೇಲೆ ಶ್ರಿಂಕ್ ಬರುತ್ತದೆ. 10 ಟನ್ನಿಗೆ ಮಾಡಿದ ಲೆಕ್ಕ ಅಲ್ಲಿಗೆ ಸಾಲದು.

*ಮಟ್ಟದ ಬದಲು ನೀರಿನ ತೂಕವನ್ನೇ ಅಳೆದರೆ?*

ಒಳ್ಳೆಯ ಪ್ರಶ್ನೆ, ಯಾಕೆಂದರೆ ಶೂನ್ಯ ಬಾಯ್ಲರಿನದ್ದು ಮಾತ್ರ ಅಲ್ಲ, ನಾವು ಏನನ್ನು ಅಳೆಯುತ್ತೇವೆ ಎಂಬುದರದ್ದೂ ಹೌದು. ಒಳಗಿರುವ ಒಟ್ಟು ನೀರಿನ ತೂಕಕ್ಕೆ ಬಲ ಅರ್ಧತಲದ ಶೂನ್ಯವಿಲ್ಲ. ನೀರು ಹಾಕಿದರೆ ತೂಕ ಏರುತ್ತದೆ, ಅಷ್ಟೇ. ಫೀಡ್ ಫ್ಲೋ ಮತ್ತು ಸ್ಟೀಮ್ ಫ್ಲೋ ವ್ಯತ್ಯಾಸವನ್ನು ಕೂಡಿಸುತ್ತಾ ಹೋಗಿ ಆ ತೂಕವನ್ನು ಅಂದಾಜು ಮಾಡಬಹುದು. ಆದರೆ ಎರಡು ಮೀಟರುಗಳ ನಡುವಿನ ಒಂದು ಶೇಕಡಾ ತಪ್ಪು ಪೂರ್ತಿ ಲೋಡಿನಲ್ಲಿ ಗಂಟೆಗೆ 600 ಕಿಲೋ ಆಗುತ್ತದೆ, ಅದು ಮಟ್ಟದಲ್ಲಿ ಗಂಟೆಗೆ 60 ಮಿ.ಮೀ.ಗಿಂತ ಹೆಚ್ಚು. ಬ್ಲೋಡೌನ್ ಇದರ ಮೇಲೆ ಬೇರೆ. ಹಾಗಾಗಿ ನಿಧಾನವಾಗಿಯಾದರೂ ಮಟ್ಟವೇ ಅದನ್ನು ತಿದ್ದುತ್ತಿರಬೇಕು. ಇನ್ನೊಂದು ಮಾತು: ಸೆಪರೇಟರುಗಳು ಮುಳುಗಿ ಟರ್ಬೈನಿಗೆ ನೀರು ಹೋಗುವುದು ತೂಕ ನೋಡಿ ಅಲ್ಲ, ಗುಳ್ಳೆಯೂ ಸೇರಿದ ಮಟ್ಟ ನೋಡಿ. ಟ್ರಿಪ್ಪುಗಳನ್ನು ಮಟ್ಟದ ಮೇಲೇ ಇಡಬೇಕು.